ಒಂದು ಟಿಕ್, ಎರಡು ಟಿಕ್: ಹಡಗಿನವರ ಹೆಂಡತಿಯ ಡೈರಿಯಿಂದ

ನಮ್ಮ ಮದುವೆಯಾಗಿ ಹನ್ನೊಂದು ವರ್ಷ. ಇವರು ಸರಕು ಹಡಗಿನಲ್ಲಿ ಥರ್ಡ್ ಇಂಜಿನಿಯರ್. ಆರು ತಿಂಗಳ ಕಾಂಟ್ರ್ಯಾಕ್ಟ್ ಅಂತ ಹೋಗುತ್ತಾರೆ, ಬರುವಾಗ ಏಳಾಗಿರುತ್ತದೆ. ಕುಂದಾಪುರದ ಸುತ್ತಮುತ್ತ ಇಂಥ ಮನೆಗಳು ಬೇಕಾದಷ್ಟಿವೆ, ಹಾಗಾಗಿ ಇದರಲ್ಲಿ ವಿಶೇಷವೇನೂ ಇಲ್ಲ. ನಾನು ಬರೆಯಹೊರಟಿದ್ದು ನನ್ನ ಡೈರಿಯ ಬಗ್ಗೆ. ಸಹಕಾರಿ ಸಂಘದವರು ವರ್ಷಾವರ್ಷ ಕೊಡುವ ಕೆಂಪು ರಟ್ಟಿನ ಡೈರಿ ಅದು.

ಮೊದಮೊದಲು ಅದರಲ್ಲಿ ನೆನಪಾಗುತ್ತದೆ, ಬೇಜಾರಾಗಿದೆ ಅಂತಲೇ ಬರೆಯುತ್ತಿದ್ದೆ. ಆ ಪುಟಗಳನ್ನು ಈಗ ಓದಿದರೆ ಯಾವ ತಿಂಗಳದ್ದು, ಹಡಗು ಆಗ ಎಲ್ಲಿತ್ತು, ಏನೂ ತಿಳಿಯುವುದಿಲ್ಲ. ಮಗಳು ಹುಟ್ಟಿದ ಮೇಲೆ ಬರೆಯುವ ರೀತಿ ಬದಲಾಯಿಸಿದೆ. ಪುಟದ ಎಡಕ್ಕೆ ನಮ್ಮ ಟೈಮ್, ಬಲಕ್ಕೆ ಹಡಗಿನ ಟೈಮ್. ನಡುವೆ ಫೋನ್ ಬಂತೋ ಇಲ್ಲವೋ, ಎಷ್ಟು ನಿಮಿಷ ಮಾತು, ಎಲ್ಲಿ ಕಟ್ಟಾಯಿತು. ಬರದೇ ಇದ್ದ ದಿನವನ್ನೂ ಬಿಡದೆ ಬರೆಯುವುದು. ಕಾರಣ ಆಮೇಲೆ ಗೊತ್ತಾದರೆ ಅದೇ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ಸೇರಿಸುವುದು.

2023ರ ಒಂದು ಪಯಣವನ್ನೇ ಹೇಳುತ್ತೇನೆ. ಮಾರ್ಚ್ ಮೊದಲ ವಾರ ಇವರ ಹಡಗು ಬ್ರೆಜಿಲ್‌ನ ಸ್ಯಾಂಟೋಸ್ ಬಂದರಿನಲ್ಲಿ ಸೋಯಾ ತುಂಬಿಸಿಕೊಂಡು ಚೀನಾದ ಚಿಂಗ್‌ಡಾವ್‌ಗೆ ಹೊರಟಿತು. ಆಫ್ರಿಕಾದ ಕೆಳತುದಿ ಸುತ್ತಿ ಹಿಂದೂ ಮಹಾಸಾಗರ ದಾಟಿ ಹೋಗಬೇಕು, ಹೆಚ್ಚುಕಡಿಮೆ ನಲವತ್ತು ದಿನ. ಊಟ ಸ್ನಾನ ಮುಗಿಸಿ ಇವರು ಫೋನ್ ಮಾಡುವುದು ಹಡಗಿನ ರಾತ್ರಿ ಎಂಟಕ್ಕೆ. ಸ್ಯಾಂಟೋಸ್‌ನ ರಾತ್ರಿ ಎಂಟು ಅಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಪೂರ್ವಕ್ಕೆ ಹೋಗುವ ಹಡಗಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಮೆಸ್ಸಿನ ಬೋರ್ಡಿನಲ್ಲಿ ಚೀಟಿ ಅಂಟಿಸುತ್ತಾರಂತೆ, ಇವತ್ತು ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಅಂತ. ಅವರಿಗೆ ಒಂದು ಗಂಟೆ ನಿದ್ದೆ ಹೋಗುತ್ತದೆ, ನನ್ನ ಫೋನು ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ನಾಲ್ಕೂವರೆ ಇದ್ದದ್ದು ಮೂರೂವರೆ, ಆಮೇಲೆ ಎರಡೂವರೆ, ಒಂದೂವರೆ. ದಕ್ಷಿಣ ಆಫ್ರಿಕಾದ ಹತ್ತಿರ ಬಂದಾಗ ರಾತ್ರಿ ಹನ್ನೊಂದೂವರೆ. ಹಿಂದೂ ಮಹಾಸಾಗರದ ನಡುವೆ ಎಂಟೂವರೆ, ಅಲ್ಲಿಂದ ಮುಂದೆ ಮಾತ್ರ ಮಗಳಿಗೆ ಎಚ್ಚರವಿದ್ದಾಗ ಅಪ್ಪ ಸಿಗುತ್ತಿದ್ದದ್ದು. ಚೀನಾ ಮುಟ್ಟುವಷ್ಟರಲ್ಲಿ ಸಂಜೆ ಐದೂವರೆ. ಹಡಗಿನ ಗಡಿಯಾರ ಸರಿಯುವುದು ಇಡೀ ಗಂಟೆಯ ಲೆಕ್ಕದಲ್ಲಿ, ನಮ್ಮ ದೇಶದ್ದು ಐದೂವರೆ ಗಂಟೆಯ ಲೆಕ್ಕ. ಎಷ್ಟೇ ಹತ್ತಿರ ಬಂದರೂ ನಮ್ಮಿಬ್ಬರ ನಡುವೆ ಅರ್ಧ ಗಂಟೆ ಉಳಿದೇ ಉಳಿಯುತ್ತದೆ.

ದೂರದ ಸಂಸಾರ ಅಂದರೆ ಫೋನಿಗೆ ಕಾಯುವುದು ಅಂತ ಎಲ್ಲರೂ ತಿಳಿದಿರುತ್ತಾರೆ. ಕಾಯುವುದಕ್ಕಿಂತ ಕಷ್ಟ ಈ ಸರಿಯುವ ಗಂಟೆಗೆ ಮೈ ಒಗ್ಗಿಸಿಕೊಳ್ಳುವುದು. ರಾತ್ರಿ ಎರಡೂವರೆಗೆ ಎದ್ದು ಮಾತಾಡುವವಳು ಬೆಳಿಗ್ಗೆ ಆರಕ್ಕೆ ಮಗಳ ಟಿಫಿನ್ ಕಟ್ಟಬೇಕು. ಆ ಎರಡು ವಾರ ನಮ್ಮ ಮಾತಿನಲ್ಲಿ ಸಿಡುಕು ಜಾಸ್ತಿ. ಡೈರಿ ತಿರುವಿದರೆ ಪ್ರತಿ ಸಲವೂ ಜಗಳ ಬಿದ್ದಿರುವುದು ಒಂದೂವರೆಯಿಂದ ಮೂರೂವರೆಯೊಳಗಿನ ಫೋನ್‌ಗಳಲ್ಲೇ. ಇದು ಗೊತ್ತಾದ ಮೇಲೆ ಆ ಹೊತ್ತಿನಲ್ಲಿ ಸಾಲ, ಸ್ಕೂಲು, ಜಾಗದ ವಿಷಯ ಎತ್ತುವುದನ್ನು ಬಿಟ್ಟಿದ್ದೇವೆ.

ಆ ವರ್ಷ ಇನ್ನೂ ಬಿಟ್ಟಿರಲಿಲ್ಲ. ಮಾರ್ಚ್ 11ರ ಸಾಲು ಹೀಗಿದೆ: "2.30. ಮಗಳ ಸ್ಕೂಲ್ ವಿಷಯ. ಉಡುಪಿಗೆ ಹಾಕುವುದೋ ಇಲ್ಲೇ ಇರಲೋ ಅಂದೆ. 'ನಿನಗೆ ತೋಚಿದ ಹಾಗೆ ಮಾಡು' ಅಂದರು. ಫೋನ್ ಇಟ್ಟರು."

ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ಹಡಗು ಎಲ್ಲಿದೆ ಅಂತ ತೋರಿಸುವ ವೆಬ್‌ಸೈಟ್‌ನಲ್ಲೂ ಏನೂ ಕಾಣದು. ದುಡ್ಡು ಕೊಡದೆ ನೋಡುವವರಿಗೆ ಕರಾವಳಿಯಿಂದ ಒಂದಷ್ಟು ದೂರದವರೆಗೆ ಮಾತ್ರ ಹಡಗಿನ ಗುರುತು ಕಾಣಿಸುತ್ತದೆ, ಆಮೇಲೆ ಎಷ್ಟು ದಿನ ನೋಡಿದರೂ ಕೊನೆಗೆ ಸಿಕ್ಕಿದ ಜಾಗದಲ್ಲೇ ನಿಂತಿರುತ್ತದೆ. ನನ್ನ ಮೆಸೇಜುಗಳಿಗೆಲ್ಲ ಒಂದೇ ಟಿಕ್. ಸಿಟ್ಟು ಮಾಡಿಕೊಂಡು ಫೋನ್ ಆಫ್ ಮಾಡಿಟ್ಟಿದ್ದಾರೆ ಅಂದುಕೊಂಡೆ. ಮೂರನೇ ದಿನ ಧೈರ್ಯ ಮಾಡಿ ಅದೇ ಹಡಗಿನ ಕುಕ್‌ನ ಹೆಂಡತಿಗೆ ಫೋನ್ ಮಾಡಿದೆ. ಅಂಕೋಲಾ ಕಡೆಯವಳು, ನನಗಿಂತ ದೊಡ್ಡವಳು. "ನಮ್ಮವರದ್ದೂ ಒಂದೇ ಟಿಕ್ ಮಾರಾಯ್ತಿ, ಹಡಗಿನದ್ದೇ ಎಂಥದೋ ಆಗಿರಬೇಕು" ಅಂದಳು. ಆ ಮಾತು ಕೇಳಿದ ಮೇಲೆ ಊಟ ಸೇರಿತು.

15ರ ಬೆಳಗಿನ ಜಾವ 1.35ಕ್ಕೆ ಫೋನ್ ಬಂತು. ಆ ಹಡಗಿನ ಇಂಟರ್ನೆಟ್ ಬರುತ್ತಿದ್ದದ್ದು ಭೂಮಧ್ಯರೇಖೆಯ ಮೇಲೆ ನಿಂತ ಹಾಗಿರುವ ಉಪಗ್ರಹದಿಂದ. ಮೇಲಿನ ಆಂಟೆನಾಕ್ಕೆ ಅದು ನೇರವಾಗಿ ಕಾಣುತ್ತಿರಬೇಕು. ಹಡಗು ಆಫ್ರಿಕಾದ ಕಡೆ ಮುಖ ಮಾಡಿದಾಗ ಬ್ರೆಜಿಲ್ ಕಡೆಯ ಉಪಗ್ರಹ ಸರಿಯಾಗಿ ಹಿಂದಕ್ಕೆ ಬಿತ್ತು, ಅಲ್ಲಿ ಹಡಗಿನದೇ ಹೊಗೆ ಕೊಳವೆ ಅಡ್ಡ. ಸರಕು ಹಡಗು ಒಂದೇ ದಿಕ್ಕಿನಲ್ಲಿ ದಿನಗಟ್ಟಲೆ ಸಾಗುವುದು ತಾನೆ, ಅಷ್ಟೂ ದಿನ ಆಂಟೆನಾ ಆ ಕೊಳವೆಯ ಮರೆಯಲ್ಲೇ ಉಳಿಯಿತು. ಮುಂದೆ ಹೋಗಿ ಇನ್ನೊಂದು ಉಪಗ್ರಹ ಸಿಕ್ಕಿದಾಗ ಎಲ್ಲರ ಫೋನೂ ಒಟ್ಟಿಗೆ ಕೂಗಿತಂತೆ.

ನಾನು ಕೇಳಿದೆ, ಆವತ್ತು ಯಾಕೆ ಹಾಗೆ ಸಿಟ್ಟಲ್ಲಿ ಇಟ್ಟಿರಿ ಅಂತ. ಇವರಿಗೆ ಅರ್ಥವೇ ಆಗಲಿಲ್ಲ. ಇಟ್ಟದ್ದಲ್ಲ, ಕಟ್ಟಾದದ್ದು. ಇವರು ಹೇಳಿದ್ದು, "ನಿನಗೆ ತೋಚಿದ ಹಾಗೆ ಮಾಡು, ಆದರೆ ಅವಳನ್ನೂ ಒಮ್ಮೆ ಕೇಳು" ಅಂತ. ಅರ್ಧ ಮಾತು ನನಗೆ ಮುಟ್ಟಿತ್ತು, ಉಳಿದರ್ಧ ಸಮುದ್ರದಲ್ಲೇ ಉಳಿದಿತ್ತು. ಆ ಅರ್ಧ ಮಾತಿನ ಮೇಲೆ ನಾನು ನಾಲ್ಕು ದಿನ ಏನೇನೋ ಕಟ್ಟಿಕೊಂಡಿದ್ದೆ. ಆ ಪುಟದಲ್ಲಿ "ಫೋನ್ ಇಟ್ಟರು" ಅನ್ನುವುದನ್ನು ಹೊಡೆದು ಹಾಕಿ "ಕಟ್ಟಾಯಿತು" ಅಂತ ಕೆಂಪಿನಲ್ಲಿ ಬರೆದಿದ್ದೇನೆ. ಇಟ್ಟರೋ ಕಟ್ಟಾಯಿತೋ ಗೊತ್ತಿಲ್ಲದಿದ್ದರೆ ಈಗ "ನಿಂತಿತು" ಅಂತ ಮಾತ್ರ ಬರೆಯುತ್ತೇನೆ.

ಆ ಹಡಗಿನಿಂದ ಬರುತ್ತಿದ್ದ ಫೋನಿಗೆ ಇನ್ನೊಂದು ತೊಂದರೆ ಇತ್ತು. ಆ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುತ್ತದೆ. ಮಾತು ಅಲ್ಲಿಗೆ ಹೋಗಿ ಇಳಿದು ಬರಲು ಕಾಲು ಸೆಕೆಂಡು, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಕೇಳಲಿಕ್ಕೆ ಏನೂ ಅಲ್ಲ, ಆದರೆ ಗಂಡ ಹೆಂಡತಿಯ ಮಾತಿಗೆ ಅಷ್ಟು ಸಾಕು. ನಾನು ಮುಗಿಸಿ ಸುಮ್ಮನಾದರೆ ಆಚೆಯಿಂದ ಸದ್ದಿಲ್ಲ. ಇಷ್ಟವಾಗಲಿಲ್ಲವೇನೋ ಅಂತ ಮತ್ತೆ ಶುರು ಮಾಡುತ್ತೇನೆ, ಅಷ್ಟರಲ್ಲಿ ಅವರ ಉತ್ತರ ಬಂದು ನನ್ನ ಮಾತಿಗೆ ಡಿಕ್ಕಿ. "ಹೇಳು", "ಇಲ್ಲ, ನೀವು ಹೇಳಿ", ಮತ್ತೆ ಇಬ್ಬರೂ ಮೌನ. ನಗು ಕೂಡ ತಡವಾಗಿ ಬರುತ್ತದೆ. ಕೊನೆಗೆ ನಾವೇ ಒಂದು ಉಪಾಯ ಮಾಡಿಕೊಂಡೆವು. ಮಾತು ಮುಗಿದಾಗ "ಆಯ್ತಾ" ಅನ್ನುವುದು, ಅದು ಕೇಳಿಸುವವರೆಗೆ ಇನ್ನೊಬ್ಬರು ಬಾಯಿ ತೆರೆಯದಿರುವುದು. ಈಗಿನ ಹಡಗಿನಲ್ಲಿ ತುಂಬ ಕೆಳಗೆ ಸುತ್ತುವ ಉಪಗ್ರಹಗಳ ಇಂಟರ್ನೆಟ್ ಇದೆ, ಆ ತಡ ಹೋಗಿದೆ. ಆದರೂ ರಜೆಯಲ್ಲಿ ಅಡುಗೆಮನೆಯಲ್ಲಿ ಎದುರೆದುರು ನಿಂತು ಮಾತಾಡುವಾಗಲೂ ಇಬ್ಬರ ಬಾಯಲ್ಲೂ "ಆಯ್ತಾ" ಬರುತ್ತದೆ.

ಇಷ್ಟೆಲ್ಲ ಬರೆದಿದ್ದಕ್ಕೆ ಕಾರಣ ಬೇರೆ ಇದೆ. ಹಡಗಿನ ಮೌನಗಳಿಗೆಲ್ಲ ಒಂದಲ್ಲ ಒಂದು ದಿನ ಕೆಂಪು ಪೆನ್ನಿನ ಕಾರಣ ಸಿಕ್ಕಿದೆ. ಡ್ಯೂಟಿ ರಾತ್ರಿ ಅಲಾರಾಂ ಹೊಡೆದು ಮಾತಿನ ನಡುವೆಯೇ ಇಂಜಿನ್ ರೂಮಿಗೆ ಓಡಿದ್ದು, ತಿಂಗಳ ಡಾಟಾ ಮುಗಿದದ್ದು, ಮಳೆ. ಎರಡು ಟಿಕ್ ಬಿದ್ದೂ ಉಳಿದ ಮೌನಗಳಿಗೆ ಮಾತ್ರ ಪಕ್ಕದಲ್ಲಿ ಜಾಗ ಖಾಲಿ ಇದೆ.

ಅದೇ ವರ್ಷ ಮೇ 9ಕ್ಕೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಿಂದ ಬರುವಾಗ ರಿಕ್ಷಾದಲ್ಲಿ ನನ್ನ ಕೈ ಹಿಡಿದು, "ಅವನಿಗೆ ಹೇಳ್ಬೇಡ ಮಗಾ, ನೀರಿನ ಮೇಲಿದ್ದವನಿಗೆ ನೆಲದ ಚಿಂತೆ ಕೊಡ್ಬಾರ್ದು" ಅಂದರು. ನಮ್ಮ ಕಡೆ ಹಡಗಿನವರ ಮನೆಗಳಲ್ಲಿ ಇದೊಂದು ಕಟ್ಟಳೆಯಂತೆ ನಡೆದು ಬಂದಿದೆ. ನಾನೂ ಹೇಳಲಿಲ್ಲ. ಹಡಗು ಆಗ ಚೀನಾದಲ್ಲಿ ಬಂದರಿನ ಹೊರಗೆ ಲಂಗರು ಹಾಕಿ ಕಾಯುತ್ತಿತ್ತು, ನೆಟ್‌ವರ್ಕ್ ಚೆನ್ನಾಗಿತ್ತು. ಮೇ 13ರ ಸಾಲು: "ಸಂಜೆ 5.40. 38 ನಿಮಿಷ. ಎಂಥ ಮಾತಾಡಿದೆವು ಅಂತ ನೆನಪಿಲ್ಲ." ಆ ವರ್ಷದ ಅತಿ ಉದ್ದದ ಫೋನ್ ಅದೇ. ಅತ್ತೆಯ ವಿಷಯ ಹೇಳಿದ್ದು 27ಕ್ಕೆ, ಹದಿನೆಂಟು ದಿನದ ಮೇಲೆ.

ಜುಲೈನಲ್ಲಿ ಇವರು ಬಂದಾಗ ಬಲಗೈ ಮೇಲೆ ಗೇಣುದ್ದದ ಸುಟ್ಟ ಕಲೆ. ಜನರೇಟರ್‌ನ ಬಿಸಿ ಪೈಪ್ ತಾಗಿದ್ದಂತೆ. ಯಾವಾಗ ಅಂತ ಕೇಳಿದರೆ ಮೇ 12. ನಾನು ಡೈರಿ ತೆಗೆದು ಆ ಪುಟ ತೋರಿಸಿದೆ. ಮೂವತ್ತೆಂಟು ನಿಮಿಷ ಅವರು ಸುಟ್ಟ ಕೈಯನ್ನೂ ನಾನು ಅತ್ತೆಯ ಮುರಿದ ಕೈಯನ್ನೂ ಮುಚ್ಚಿಟ್ಟುಕೊಂಡು ಮಾವಿನಕಾಯಿ, ಮಳೆ ಅಂತ ಮಾತಾಡಿದ್ದೇವೆ. ಇಬ್ಬರೂ ತುಂಬ ಹೊತ್ತು ಆ ಪುಟ ನೋಡುತ್ತ ಕೂತೆವು.

ಹಿರಿಯರ ಆ ಮಾತನ್ನು ನಾನು ಒಪ್ಪುವುದಿಲ್ಲ ಅಂತ ಇವತ್ತು ಗಟ್ಟಿಯಾಗಿ ಹೇಳುತ್ತೇನೆ. ಫೋನೇ ಸಿಗದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. 2024ರ ಡಿಸೆಂಬರ್‌ನಿಂದ ಹಡಗಿನವರಿಗೆ ಸಾಧ್ಯವಾದ ಮಟ್ಟಿಗೆ ಇಂಟರ್ನೆಟ್ ಸೌಲಭ್ಯ ಕೊಡಬೇಕು ಅಂತ ಅಂತರರಾಷ್ಟ್ರೀಯ ನಿಯಮದಲ್ಲೇ ಸೇರಿದೆ. ತಂತಿ ಕೂಡಿಸಿ ಕೊಟ್ಟ ಮೇಲೂ ನಾವೇ ಮಾತು ತಡೆದರೆ ಅದಕ್ಕೆ ಸಮುದ್ರ ಹೊಣೆಯಲ್ಲ. ಹಾಗಂತ ಯಾವಾಗ ಬೇಕಾದರೂ ಹೇಳಿಬಿಡಬೇಕು ಅಂತ ಅಲ್ಲ. ಡ್ಯೂಟಿ ರಾತ್ರಿಗೆ ಮುಂಚೆ ನಾನು ಹೇಳುವುದಿಲ್ಲ, ಮೂರು ದಿನಕ್ಕೊಮ್ಮೆ ಬರುವ ಆ ರಾತ್ರಿಯನ್ನು ಡೈರಿಯಲ್ಲಿ ಮೊದಲೇ ಗುರುತು ಹಾಕಿಟ್ಟಿರುತ್ತೇನೆ. ಹೇಳುವಾಗ ಡಾಕ್ಟರ್ ಏನಂದರು, ಈಗ ಯಾರು ಜೊತೆಗಿದ್ದಾರೆ, ಅದನ್ನೂ ಒಟ್ಟಿಗೇ ಹೇಳುತ್ತೇನೆ. ಮಾತು ಅರ್ಧಕ್ಕೆ ಕಟ್ಟಾದರೂ ಭಯವೊಂದೇ ಅವರ ಹತ್ತಿರ ಉಳಿಯದಿರಲಿ ಅಂತ ಮೊದಲು "ಈಗ ಆರಾಮಿದ್ದಾರೆ" ಅನ್ನುತ್ತೇನೆ, ಆಮೇಲೆ "ಬಿದ್ದರು" ಅನ್ನುತ್ತೇನೆ.

ಡೈರಿಯಲ್ಲಿ ಈಗ ಇನ್ನೊಂದು ಕಾಲಂ ಇದೆ, "ಹೇಳಿದ್ದು" ಅಂತ. ಮನೆಯಲ್ಲಿ ಏನಾಯಿತು, ಅವರಿಗೆ ತಿಳಿದದ್ದು ಯಾವಾಗ. ಅವರೂ ಅಲ್ಲೊಂದು ಸಣ್ಣ ಪುಸ್ತಕ ಇಟ್ಟಿದ್ದಾರೆ. ಮೊನ್ನೆ ಮಗಳಿಗೆ ಜ್ವರ ಬಂದದ್ದು ಸಂಜೆ ಏಳಕ್ಕೆ, ಹೇಳಿದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಡ್ಯೂಟಿ ಇತ್ತು. ಹದಿಮೂರು ಗಂಟೆ. ಅದರ ಕೆಳಗೆ ಅವರ ಕಡೆಯದನ್ನೂ ಬರೆದಿದ್ದೇನೆ: ಎಡಗಾಲು ಉಳುಕಿದೆ, ನಡೆಯಲು ಆಗುತ್ತಿದೆ, ಆಗಿ ಎರಡು ದಿನ.