ಬಾಡಿಗೆ ಬಂತು, ಆದರೆ ಯಾವ ಮನೆಯದ್ದು?

ಒಂದೆರಡು ಮನೆ ಬಾಡಿಗೆಗೆ ಕೊಟ್ಟಿರುವ ನನ್ನಂಥವರು ಸೇರಿದರೆ ಈಗ ಒಂದೇ ದೂರು. "ಬಾಡಿಗೆ ಒಂದೇ ಸಲ ಹಾಕಲ್ಲ. ಹಾಕಿದರೂ ಅವರ ಅಕೌಂಟಿಂದ ಬರಲ್ಲ. ಹೆಂಡತಿ, ತಮ್ಮ, ಭಾವಮೈದ ಅಂತ ಯಾರ್ಯಾರ ಹೆಸರಲ್ಲೋ ಬರುತ್ತೆ." ಕೆಲವರು ಇದಕ್ಕಾಗಿ ಕರಾರುಪತ್ರದಲ್ಲೇ ಷರತ್ತು ಬರೆಸುತ್ತಿದ್ದಾರೆ. ಪೂರ್ತಿ ಬಾಡಿಗೆ, ಒಂದೇ ದಿನ, ಸ್ವಂತ ಖಾತೆಯಿಂದ ಮಾತ್ರ.

ನನಗೆ ಇದು ಒಪ್ಪಿಗೆಯಿಲ್ಲ. ಗಂಡನ ಸಂಬಳ ಒಂದನೇ ತಾರೀಕು, ಹೆಂಡತಿಯದ್ದು ಹತ್ತಕ್ಕೆ. ಆಟೋ ಓಡಿಸುವವರಿಗೆ ತಾರೀಕೇ ಇಲ್ಲ. ಹೊಸದಾಗಿ ಯುಪಿಐ ಶುರು ಮಾಡಿದವರಿಗೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ, ಅವತ್ತು ಅಣ್ಣನ ಫೋನಿಂದ ಹಾಕಿಸುತ್ತಾರೆ. ಇದರಲ್ಲಿ ಮೋಸ ಏನಿದೆ? ತೊಂದರೆ ಇರುವುದು ನಾವು ಲೆಕ್ಕ ಬರೆಯುವ ರೀತಿಯಲ್ಲಿ. ಪುಸ್ತಕದಲ್ಲಿ ಮನೆಗೊಂದು ಸಾಲು, ತಿಂಗಳಿಗೊಂದು ಚೌಕ, ಬಾಡಿಗೆ ಬಂದರೆ ಒಂದು ಟಿಕ್. ಕವರಿನಲ್ಲಿ ನೋಟು ತಂದುಕೊಡುವ ಕಾಲಕ್ಕೆ ಅದು ಸಾಕಿತ್ತು. ಮೂರು ಕಂತಿನಲ್ಲಿ ಮೂರು ಹೆಸರಲ್ಲಿ ಬರುವ ದುಡ್ಡು ಆ ಚೌಕದಲ್ಲಿ ಹಿಡಿಸುವುದಿಲ್ಲ.

ನಾನು ಎರಡು ಪಟ್ಟಿ ಇಡುತ್ತೇನೆ. ಮೊದಲನೆಯದು ಬರಬೇಕಾದ್ದು: ಒಂದನೇ ತಾರೀಕಿಗೆ ಪ್ರತಿ ಮನೆಯ ಬಾಡಿಗೆ, ನೀರಿನ ದುಡ್ಡು, ಹಳೇ ಬಾಕಿ. ಎರಡನೆಯದು ಬಂದದ್ದು: ಬ್ಯಾಂಕಿಗೆ ಜಮಾ ಆದ ಪ್ರತಿಯೊಂದಕ್ಕೂ ಒಂದೊಂದು ಸಾಲು. ತಾರೀಕು, ಮೊತ್ತ, ಕಳಿಸಿದ ಖಾತೆಯ ಹೆಸರು, ಪ್ರತಿ ಪಾವತಿಗೂ ಬೇರೆ ಬೇರೆ ಇರುವ ಯುಟಿಆರ್ ನಂಬರ್, ಕೊನೆಯಲ್ಲಿ ಯಾವ ಮನೆ ಅಂತ. ಯಾವ ಮನೆ ಅಂತ ಖಚಿತ ಆಗುವವರೆಗೆ ಆ ಕೊನೆಯ ಚೌಕ ಖಾಲಿ ಇರಬೇಕು. ಊಹೆ ಮಾಡಿ ತುಂಬಬಾರದು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕೆಳಗಿನ ಮನೆ ಬಾಡಿಗೆ 15,000, ನೀರು ಸೇರಿ. ಮಹಡಿ ಮನೆಯದ್ದು 12,000, ನೀರಿಗೆ 400. ಕಳೆದ ಅಕ್ಟೋಬರ್ ಶುರುವಾದಾಗ ಮಹಡಿಯವರದ್ದು ಸೆಪ್ಟೆಂಬರಿನ 1,400 ಬಾಕಿ ಇತ್ತು. ಅಂದರೆ ಅವರಿಂದ ಬರಬೇಕಾದ್ದು 13,800. ಮೂರನೇ ತಾರೀಕು ಅವರೇ 5,000 ಹಾಕಿದರು. ಏಳಕ್ಕೆ ಹೆಂಡತಿ ಖಾತೆಯಿಂದ 4,000 ಬಂತು. ಕೆಳಗಿನವರು ಐದಕ್ಕೆ 12,000 ಹಾಕಿ, ಉಳಿದ 3,000 ಹತ್ತಕ್ಕೆ ಅಂದಿದ್ದರು.

ಹತ್ತನೇ ತಾರೀಕು ಸರಿಯಾಗಿ 3,000 ಬಂತು. ಕಳಿಸಿದವರ ಹೆಸರು ನನಗೆ ಗೊತ್ತಿರುವ ಹೆಸರಲ್ಲ. ಸ್ಟೇಟ್‌ಮೆಂಟಿನಲ್ಲಿ ಅದೂ ಅರ್ಧಕ್ಕೆ ಕತ್ತರಿಸಿ ಬರುತ್ತದೆ, ಹೀಗೆ:

```
UPI/CR/528341907736/LAKSHMAM/...
```

ಯಾರಾದರೂ ಏನು ಮಾಡುತ್ತಾರೆ? ಮೊತ್ತ ಹೊಂದಿತು, ತಾರೀಕು ಹೊಂದಿತು, ಕೆಳಗಿನ ಮನೆ ಅಂತ ಬರೆದು ಮುಗಿಸುತ್ತಾರೆ. ನಾನು ಇಬ್ಬರಿಗೂ ಫೋನ್ ಮಾಡಿದೆ. ಇಲ್ಲೊಂದು ವಿಷಯ ಇದೆ. "3,000 ಹಾಕಿದ್ದೀರಾ?" ಅಂತ ಕೇಳಬಾರದು. ಹಾಗೆ ಕೇಳಿದರೆ ಯಾರಾದರೂ ಹೌದು ಅಂತಾರೆ. "ಹತ್ತನೇ ತಾರೀಕು ಏನಾದರೂ ಹಾಕಿದ್ರಾ? ಎಷ್ಟು, ಯಾರ ಖಾತೆಯಿಂದ? ಯುಟಿಆರ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳಿ" ಅಂತ ಕೇಳಬೇಕು. ನಂಬರ್ ಅವರ ಬಾಯಿಂದ ಬರಬೇಕು, ನಮ್ಮ ಬಾಯಿಂದಲ್ಲ.

ಇಬ್ಬರೂ 3,000 ಹಾಕಿದ್ದೀವಿ ಅಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

"ಅಕ್ಕಾ, ನಮ್ಮಮ್ಮ ಊರಿಂದ ಹಾಕಿದ್ರು, 7736" ಅಂದರು ಮಹಡಿಯವರು. ಕೆಳಗಿನವರು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಬೇರೆ ನಂಬರ್ ಇತ್ತು. ಮೇಲೆ ಸಣ್ಣ ಅಕ್ಷರದಲ್ಲಿ Processing ಅಂತಲೂ ಇತ್ತು, ಅದನ್ನು ಅವರು ಗಮನಿಸಿಯೇ ಇರಲಿಲ್ಲ. ಅವರ ಖಾತೆಯಿಂದ ದುಡ್ಡು ಹೋಗಿತ್ತು, ನನ್ನ ಖಾತೆಗೆ ಬಂದಿರಲಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡ ಯುಪಿಐ ದುಡ್ಡು ಮಾರನೇ ದಿನದೊಳಗೆ ತಾನಾಗಿ ಕಳಿಸಿದವರ ಖಾತೆಗೆ ವಾಪಸ್ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಹೋಯಿತು ಕೂಡ. ಹನ್ನೆರಡಕ್ಕೆ ಅವರು ಮತ್ತೆ ಹಾಕಿದರು.

ಸ್ಕ್ರೀನ್‌ಶಾಟ್ ಬಗ್ಗೆ ನನ್ನ ಮಾತು ಇಷ್ಟೇ: ಅದು ರಸೀದಿ ಅಲ್ಲ, ಹುಡುಕಲು ಸಿಕ್ಕ ಸುಳಿವು. ಅದರಲ್ಲಿ ಎರಡೆರಡು ನಂಬರ್ ಇರುತ್ತವೆ. ಗೂಗಲ್ ಪೇನಲ್ಲಿ UPI transaction ID ಅಂತ ಇರುವ 12 ಅಂಕಿಯೇ ಬೇಕಾದದ್ದು, Google transaction ID ಅಲ್ಲ. ಫೋನ್‌ಪೇನಲ್ಲಿ T ಅಕ್ಷರದಿಂದ ಶುರುವಾಗುವ ಉದ್ದದ ನಂಬರ್ ಬಿಟ್ಟು UTR ಅಂತ ಇರುವುದನ್ನು ನೋಡಬೇಕು. ಆಪ್‌ನ ಸ್ವಂತ ನಂಬರ್ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಎಷ್ಟೋ ಜಗಳ ಶುರುವಾಗುವುದೇ ಇಲ್ಲಿಂದ.

ಮಹಡಿ ಮನೆ ಲೆಕ್ಕ ಈಗ ಸುಲಭ. 5,000ದಲ್ಲಿ ಮೊದಲು 1,400 ಸೆಪ್ಟೆಂಬರ್ ಬಾಕಿಗೆ, ಉಳಿದ 3,600 ಅಕ್ಟೋಬರಿಗೆ. ಆಮೇಲಿನ 4,000 ಮತ್ತು 3,000 ಎರಡೂ ಅಕ್ಟೋಬರಿಗೆ. ಬಾಕಿ 1,800. ತಿಂಗಳ ಕೊನೆಗೆ ತಾಳೆ ನೋಡುವುದು ಎರಡು ಕಡೆ. ಬಂದದ್ದರ ಪಟ್ಟಿಯ ಮೊತ್ತ 27,000, ಬ್ಯಾಂಕಿನಲ್ಲಿ ಬಾಡಿಗೆ ಅಂತ ಜಮಾ ಆದದ್ದೂ 27,000. ಎರಡೂ ಮನೆಯಿಂದ ಬರಬೇಕಿದ್ದದ್ದು 28,800, ಅದರಲ್ಲಿ 27,000 ಕಳೆದರೆ 1,800. ಮಹಡಿಯವರ ಬಾಕಿಗೆ ಸರಿಯಾಗಿ ಕೂತಿತು. ಆದರೆ ಹತ್ತನೇ ತಾರೀಕಿನ ದುಡ್ಡನ್ನು ಕೆಳಗಿನ ಮನೆಗೆ ಬರೆದಿದ್ದರೂ ಈ ಒಟ್ಟು ಮೊತ್ತಗಳು ಹೀಗೇ ಹೊಂದುತ್ತಿದ್ದವು! ಒಂದು ಮನೆಗೆ 3,000 ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಒಟ್ಟು ಅಷ್ಟೇ. ಮೊತ್ತ ಹೊಂದಿತು ಅಂತ ನೆಮ್ಮದಿಯಾಗಿ ಕೂರುವಂತಿಲ್ಲ. ಅದಕ್ಕೇ ಬಾಡಿಗೆದಾರರ ಹತ್ತಿರ ಅವರವರ ಬಾಕಿ ಎಷ್ಟು ಅಂತ ಪ್ರತಿ ತಿಂಗಳೂ ಒಪ್ಪಿಸಿಕೊಳ್ಳಬೇಕು. ವಾಟ್ಸಾಪಿನಲ್ಲಿ ಒಂದು ಸಾಲು ಸಾಕು.

ಹಳೇ ಬಾಕಿಗೆ ಮೊದಲು ಹಾಕುವುದಕ್ಕೂ ಒಂದು ಮಿತಿ ಇದೆ. ಕೊಡುವವರು "ಇದು ಅಕ್ಟೋಬರ್ ಬಾಡಿಗೆ" ಅಂತ ಹೇಳಿ ಕೊಟ್ಟು, ನಾವು ತೆಗೆದುಕೊಂಡರೆ ಅದು ಅಕ್ಟೋಬರಿಗೇ. 1872ರ ಭಾರತೀಯ ಕರಾರು ಕಾಯ್ದೆಯ 59ನೇ ಸೆಕ್ಷನ್ ಹೇಳುವುದು ಇದನ್ನೇ. ಏನೂ ಹೇಳದಿದ್ದರೆ ಯಾವ ಬಾಕಿಗೆ ಅನ್ನುವುದು ಪಡೆಯುವವರ ಇಷ್ಟ, ಅದು 60. ಇಬ್ಬರೂ ಸುಮ್ಮನಿದ್ದರೆ ಹಳೆಯದರಿಂದ ಶುರು, ಅದು 61. ಯುಪಿಐ ನೋಟ್‌ನಲ್ಲಿ ತಿಂಗಳ ಹೆಸರು ಬರೆದಿದ್ದರೆ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲೇಬೇಕು. ಬಾಕಿ ಎಲ್ಲಿಗೂ ಹೋಗುವುದಿಲ್ಲ, ಸೆಪ್ಟೆಂಬರ್ ಹೆಸರಲ್ಲೇ ಉಳಿಯುತ್ತದೆ ಅಷ್ಟೇ.

ಒಬ್ಬರು ಹೇಳಿಕೊಟ್ಟ ಉಪಾಯ: ಬಾಡಿಗೆಗೆ ಮನೆ ನಂಬರ್ ಸೇರಿಸುವುದು. ಒಂದನೇ ಮನೆ 15,001, ಎರಡನೇ ಮನೆ 12,402. ಪೂರ್ತಿ ಕೊಡುವವರಿಗೆ ಚೆನ್ನಾಗಿದೆ. ಕಂತಿನವರು 5,000 ಅಂತಲೇ ಹಾಕುವುದು, ಆ ಎರಡು ರೂಪಾಯಿ ಯಾವ ಕಂತಿನಲ್ಲಿ ಬರಬೇಕು ಹೇಳಿ. ನೋಟ್‌ನಲ್ಲಿ ಮನೆ ನಂಬರ್ ಬರೆಯಿರಿ ಅಂದರೆ ಬಾಡಿಗೆದಾರರು ಬರೆಯುತ್ತಾರೆ, ಊರಲ್ಲಿರುವ ಅಮ್ಮ ಬರೆಯಲ್ಲ. ಅದಕ್ಕಿಂತ, ಯಾರ್ಯಾರ ಖಾತೆಯಿಂದ ಬರಬಹುದು ಅಂತ ಮನೆಗೆ ಸೇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ವಾಸಿ. ಬ್ಯಾಂಕಿನಲ್ಲಿರುವ ಹೆಸರೇ ಬೇಕು. ಮನೆಯಲ್ಲಿ ಕರೆಯುವ ಹೆಸರು ಬರೆದುಕೊಂಡರೆ ಉಪಯೋಗ ಇಲ್ಲ.

ರಸೀದಿಯಲ್ಲೂ ಕರಾರಿನಲ್ಲಿರುವ ಬಾಡಿಗೆದಾರರ ಹೆಸರು ಬರೆದು, "ಇವರ ಪರವಾಗಿ ಇಂಥವರ ಖಾತೆಯಿಂದ, ಈ ಯುಟಿಆರ್" ಅಂತ ಕಂತುಗಳನ್ನೆಲ್ಲ ಸೇರಿಸಿ ಕೊಡಿ. ಆಫೀಸಿನಲ್ಲಿ ಎಚ್‌ಆರ್‌ಎ ಕ್ಲೇಮ್ ಮಾಡುವವರಿಗೆ ಅದು ಬೇಕಾಗುತ್ತದೆ. ಬಾಡಿಗೆ ಕೊಟ್ಟದ್ದು ನೀವೇ ತಾನೇ, ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬರೀ 5,000 ಇದೆಯಲ್ಲ ಅಂತ ಅವರನ್ನೂ ಒಂದು ದಿನ ಕೇಳುತ್ತಾರೆ. ವರ್ಷಕ್ಕೆ ಒಂದು ಲಕ್ಷ ದಾಟಿದರೆ ನಮ್ಮ ಪ್ಯಾನ್ ನಂಬರೂ ಕೊಡಬೇಕು. ಅದನ್ನು ಕೇಳಿದ ತಕ್ಷಣ ಮುಖ ಗಂಟು ಹಾಕಿಕೊಳ್ಳುವ ಓನರ್‌ಗಳ ಬಗ್ಗೆ ಬೇರೆ ಪೋಸ್ಟ್ ಬರೆಯಬೇಕು.