ಮಂಡಿಯೊಳಗಿನ ಇಂಪ್ಲಾಂಟಿಗೂ ರೂಮ್ ಬಾಡಿಗೆಗೂ ಏನ್ರೀ ಸಂಬಂಧ?

ಅಮ್ಮನ ಮಂಡಿ ಆಪರೇಷನ್ನಿನ ಬಿಲ್ಲು 3,40,000 ರೂಪಾಯಿ. ಅಷ್ಟನ್ನೂ ಆಸ್ಪತ್ರೆಗೆ ಕಟ್ಟಿ, ಆಮೇಲೆ ಕ್ಲೇಮ್ ಹಾಕಿದೆವು. ಈಗ ಇನ್ಶೂರೆನ್ಸ್ ಕಂಪನಿಯವರು 2,09,375 ಕೊಡುತ್ತಾರಂತೆ. 'ಒಪ್ಪಿಗೆ ಇದೆ ಅಂತ ಮೇಲ್ ಮಾಡಿ, ಕೂಡಲೇ ಅಕೌಂಟಿಗೆ ಹಾಕುತ್ತೇವೆ' ಎಂದು ಬರೆದಿದ್ದಾರೆ. ಕಾರಣ ಅಂತ ಕೊಟ್ಟಿರುವುದು ಎರಡೇ ಪದ: ಪ್ರೊಪೋರ್ಷನೇಟ್ ಡಿಡಕ್ಷನ್. ಅಂದರೆ ರೂಮ್ ಬಾಡಿಗೆ ಮಿತಿ ಮೀರಿದರೆ, ಅದೇ ಪ್ರಮಾಣದಲ್ಲಿ ಬೇರೆ ಖರ್ಚುಗಳಲ್ಲೂ ಕಡಿತ. ಯಾವ ಖರ್ಚಿನಲ್ಲಿ ಎಷ್ಟು ಹಿಡಿದರು, ಯಾಕೆ ಹಿಡಿದರು, ಒಂದಕ್ಷರ ಇಲ್ಲ. ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿಸಿಕೊಂಡವರಿಗೆ ಒಂದು ಲೆಕ್ಕದ ಹಾಳೆ ಕಳಿಸುವಷ್ಟೂ ಮರ್ಯಾದೆ ಬೇಡವಾ? ಹೊಟ್ಟೆ ಉರಿಯುತ್ತದೆ.

ಸರಿ, ನಾನೇ ಲೆಕ್ಕ ಹಾಕಿದೆ. ಅಮ್ಮನ ಪಾಲಿಸಿ 5 ಲಕ್ಷದ್ದು. ರೂಮ್ ಬಾಡಿಗೆಗೆ ಮಿತಿ ದಿನಕ್ಕೆ ಶೇಕಡ 1, ಅಂದರೆ 5,000. ಅಮ್ಮ ಇದ್ದದ್ದು 8,000 ರೂಪಾಯಿಯ ರೂಮಿನಲ್ಲಿ, ಅವತ್ತು ಖಾಲಿ ಇದ್ದದ್ದು ಅದೊಂದೇ. ಐದು ಸಾವಿರವನ್ನು ಎಂಟು ಸಾವಿರದಿಂದ ಭಾಗಿಸಿದರೆ ಶೇಕಡ 62.5. ಈ ಮಹಾನುಭಾವರು ಮಾಡಿರುವುದಿಷ್ಟೇ: ರಿಜಿಸ್ಟ್ರೇಷನ್, ಗ್ಲೌಸು, ಊಟ ಅಂತ 5,000 ತೆಗೆದುಹಾಕಿ, ಉಳಿದ 3,35,000ಕ್ಕೂ ಒಂದೇ ಸಮ 62.5 ಹಾಕಿಬಿಟ್ಟಿದ್ದಾರೆ. ರೂಮಿಗೂ ಅದೇ, ಸರ್ಜನ್ ಫೀಸಿಗೂ ಅದೇ, ಮಾತ್ರೆಗೂ ಅದೇ, ಎಕ್ಸ್‌ರೇಗೂ ಅದೇ, ಮಂಡಿಯೊಳಗೆ ಕೂರಿಸಿದ ಇಂಪ್ಲಾಂಟಿಗೂ ಅದೇ!

ನನಗೆ ಸಿಟ್ಟು ಬಂದಿರುವುದು ಇಲ್ಲೇ. ದುಬಾರಿ ರೂಮ್ ತೆಗೆದುಕೊಂಡರೆ ಡಾಕ್ಟರ್ ಫೀಸು ಕೂಡ ಏರುತ್ತದೆ, ಆ ಹೆಚ್ಚಿನ ಭಾಗ ನಾವು ಕೊಡಲ್ಲ ಅನ್ನುವುದು ಒಂದು ಮಾತು. ಒಪ್ಪಬಹುದು. ಆದರೆ ಇಂಪ್ಲಾಂಟ್ ಡಬ್ಬಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಜನರಲ್ ವಾರ್ಡಿನಲ್ಲಿ ಮಲಗಿದ್ದರೂ ಅಮ್ಮನ ಮಂಡಿಗೆ ಹಾಕುತ್ತಿದ್ದದ್ದು ಅದನ್ನೇ, ಅದೇ ರೇಟಿಗೆ.

ಇದು ನನ್ನೊಬ್ಬನ ವಾದವೂ ಅಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ 2020ರ ಜೂನ್‌ನಲ್ಲೇ ಇದನ್ನು ಬರೆದಿಟ್ಟಿದೆ. ಔಷಧಿ ಮತ್ತು ಕನ್ಸ್ಯೂಮಬಲ್ಸ್, ಇಂಪ್ಲಾಂಟ್ ಮತ್ತು ಉಪಕರಣ, ಟೆಸ್ಟುಗಳು — ಇವುಗಳ ಮೇಲೆ ಪ್ರೊಪೋರ್ಷನೇಟ್ ಡಿಡಕ್ಷನ್ ಹಾಕುವಂತಿಲ್ಲ. ಐಸಿಯು ಚಾರ್ಜಿನ ಮೇಲೂ ಹಾಕುವಂತಿಲ್ಲ. ಇನ್ನೊಂದು ಮುಖ್ಯ ಮಾತು: ರೂಮಿನ ದರ್ಜೆ ನೋಡಿ ಆಸ್ಪತ್ರೆ ಬೇರೆ ಬೇರೆ ರೇಟು ಹಾಕದ ಖರ್ಚಿನ ಮೇಲೂ ಹಾಕುವಂತಿಲ್ಲ. ಅಮ್ಮನ ಪಾಲಿಸಿ ಪುಸ್ತಕದಲ್ಲಿ 'ಅಸೋಸಿಯೇಟ್ ಮೆಡಿಕಲ್ ಎಕ್ಸ್‌ಪೆನ್ಸಸ್' ಅನ್ನುವ ವಿವರಣೆಯಡಿ ಇದೇ ಇದೆ. ಅವರದೇ ಪುಸ್ತಕ, ಅವರೇ ಓದಿಲ್ಲ! ಕಾಲ್ ಸೆಂಟರಿನ ಹುಡುಗಿಯನ್ನು ಕೇಳಿದರೆ 'ಪಾಲಿಸಿ ಕಂಡೀಷನ್ ಸರ್' ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಅವಳ ಮೇಲೆ ಕೂಗಾಡಿ ಏನು ಪ್ರಯೋಜನ? ಅವಳ ಕೈಯಲ್ಲಿ ಏನೂ ಇಲ್ಲ.

ಹಾಗಾಗಿ ಫೋನ್ ಬಿಟ್ಟೆ. ಆಸ್ಪತ್ರೆಯ ಬಿಲ್ಲಿಂಗ್‌ಗೆ ಹೋಗಿ ಒಂದು ಲೆಟರ್ ಕೇಳಿದೆ: ಯಾವ ಚಾರ್ಜು ರೂಮಿನ ಪ್ರಕಾರ ಬದಲಾಗುತ್ತದೆ, ಯಾವುದು ಬದಲಾಗಲ್ಲ. ಸೀಲು ಹಾಕಿ ಕೊಟ್ಟರು. ಸರ್ಜನ್ ಮತ್ತು ಅರಿವಳಿಕೆ ಡಾಕ್ಟರ ಫೀಸು ಬದಲಾಗುತ್ತದೆ. ಆಪರೇಷನ್ ಥಿಯೇಟರ್ ಚಾರ್ಜು 40,000, ಅದು ಎಲ್ಲ ರೂಮಿಗೂ ಒಂದೇ. ಈ ಒಂದು ಹಾಳೆ ಇಲ್ಲದಿದ್ದರೆ ಥಿಯೇಟರಿನ ದುಡ್ಡನ್ನು ಕೇಳುವುದಕ್ಕೆ ನನ್ನ ಹತ್ತಿರ ಆಧಾರವೇ ಇರುತ್ತಿರಲಿಲ್ಲ.

ಆಮೇಲೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಬರೆದೆ. ಒಳಗೆ ಎಷ್ಟೇ ಕುದಿಯುತ್ತಿದ್ದರೂ ಅದರಲ್ಲಿ ಒಂದು ಬಿರುಸು ಮಾತು ಹಾಕಲಿಲ್ಲ. ನಾಳೆ ಆ ಕಾಗದವನ್ನು ಮೂರನೆಯವರು ಓದುತ್ತಾರೆ. ಅವರಿಗೆ ನನ್ನ ಸಿಟ್ಟು ಬೇಕಾಗಿಲ್ಲ, ಲೆಕ್ಕ ಬೇಕು. ಇಂಗ್ಲಿಷಿನಲ್ಲಿ ಕಳಿಸಿದ್ದು, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ಮಾನ್ಯರೇ, ನಮ್ಮ ಕ್ಲೇಮನ್ನು ಪರಿಶೀಲಿಸಿದ್ದಕ್ಕೆ ಧನ್ಯವಾದ. ನೀವು ತಿಳಿಸಿರುವ 2,09,375 ರೂಪಾಯಿಯನ್ನು ಪೂರ್ಣ ಮತ್ತು ಅಂತಿಮ ಮೊತ್ತವೆಂದು ಒಪ್ಪಲು ಆಗುವುದಿಲ್ಲ. ನ್ಯಾಯವಾದ ಕಡಿತಗಳಿಗೆ ನಮ್ಮ ತಕರಾರಿಲ್ಲ. ಪಾಲಿಸಿಗೆ ಸೇರದ 5,000, ಐದು ದಿನದ ರೂಮ್ ಬಾಡಿಗೆಯಲ್ಲಿ ಮಿತಿ ಮೀರಿದ 15,000, ಡಾಕ್ಟರ ಫೀಸು 80,000ದಲ್ಲಿ ಶೇಕಡ 37.5ರಂತೆ 30,000, ಒಟ್ಟು 50,000 ರೂಪಾಯಿಯನ್ನು ನಾವು ಕೇಳುತ್ತಿಲ್ಲ. ಆದರೆ ಇಂಪ್ಲಾಂಟ್ 95,000, ಔಷಧಿ ಮತ್ತು ಕನ್ಸ್ಯೂಮಬಲ್ಸ್ 58,000, ಟೆಸ್ಟುಗಳು 22,000 — ಇವುಗಳಲ್ಲಿ ಕಡಿತ ಮಾಡಲು ನಿಯಂತ್ರಕರ ನಿಯಮವೂ ನಿಮ್ಮ ಪಾಲಿಸಿಯೂ ಅವಕಾಶ ಕೊಡುವುದಿಲ್ಲ. ಥಿಯೇಟರ್ ಚಾರ್ಜು 40,000 ರೂಮಿನ ಮೇಲೆ ಬದಲಾಗುವುದಿಲ್ಲ ಎಂದು ಆಸ್ಪತ್ರೆ ಬರೆದುಕೊಟ್ಟಿದೆ, ಪ್ರತಿ ಲಗತ್ತಿಸಿದ್ದೇನೆ. ಹಾಗಾಗಿ ಸಲ್ಲಬೇಕಾದ ಮೊತ್ತ 2,90,000. ವಿವಾದವಿಲ್ಲದ 2,09,375ನ್ನು ಈಗಲೇ ಪಾವತಿಸಿ, ಉಳಿದ 80,625ರ ಬಗ್ಗೆ ತೀರ್ಮಾನ ತಿಳಿಸಿ. ಒಪ್ಪದಿದ್ದರೆ ಒಂದೊಂದು ಖರ್ಚಿಗೂ ಪಾಲಿಸಿಯ ಯಾವ ಷರತ್ತಿನಂತೆ ಕಡಿತ ಮಾಡಿದ್ದೀರಿ ಎಂದು ಬರಹದಲ್ಲಿ ಕೊಡಿ.'

ಆ ಐವತ್ತು ಸಾವಿರವನ್ನು ನೀನ್ಯಾಕೆ ಬಿಟ್ಟುಕೊಟ್ಟೆ, ಪೂರ್ತಿ 3,40,000 ಕೇಳಿದ್ದರೆ ಮಧ್ಯದಲ್ಲಿ ಎಲ್ಲಾದರೂ ಬಂದು ನಿಲ್ಲುತ್ತಿದ್ದರು ಅಂತ ನಮ್ಮ ಭಾವನವರು ಬೈದರು. ನಾನು ಒಪ್ಪಲ್ಲ. ಇದೇನು ಸಂತೆಯ ಚೌಕಾಸಿಯಾ? ನನ್ನ ಪ್ರತಿ ರೂಪಾಯಿಗೂ ಹಿಂದೆ ಒಂದು ಕಾಗದ ಇದೆ. ಸಲ್ಲದ್ದನ್ನು ಕೇಳಿದರೆ ಅವರು ಅದನ್ನೇ ಹಿಡಿದುಕೊಂಡು ಉಳಿದದ್ದನ್ನೂ ತಳ್ಳಿಹಾಕುತ್ತಾರೆ.

ಇನ್ನು ಆ 'ಒಪ್ಪಿಗೆ ಮೇಲ್' ವಿಷಯ. ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಆಸ್ಪತ್ರೆಗೆ ಕಟ್ಟಿರುತ್ತಾರೆ. ಬಂದಷ್ಟು ಬರಲಿ ಅಂತ ಹೂಂ ಅನ್ನುತ್ತಾರೆ. ಆ ಕಷ್ಟ ಗೊತ್ತಿದ್ದೇ 'ಕೂಡಲೇ ಹಾಕುತ್ತೇವೆ' ಅಂತ ಆಸೆ ತೋರಿಸುವುದು, ಇದಕ್ಕಿಂತ ನೀಚತನ ಬೇರೆ ಇದೆಯಾ? ಸಹಿ ಮಾಡಿದವರೂ ಸುಮ್ನೆ ಕೈಚೆಲ್ಲಬೇಕಾಗಿಲ್ಲ. ಇಷ್ಟು ಹಣಕ್ಕೆ ಕ್ಲೇಮ್ ತೀರಿತು ಅಂತ ಬರೆದುಕೊಡುವ ಡಿಸ್ಚಾರ್ಜ್ ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಹಣ ಕೇಳುವ ಹಕ್ಕು ಹೋಗುವುದಿಲ್ಲ ಅಂತ ಐಆರ್‌ಡಿಎಐ 2015ರಲ್ಲೇ ಸುತ್ತೋಲೆ ಕಳಿಸಿದೆ. ಸಹಿ ಮಾಡಲೇಬೇಕಾಗಿ ಬಂದರೆ 'ಆಕ್ಷೇಪಣೆಯೊಂದಿಗೆ' ಅಂತ ಪಕ್ಕದಲ್ಲಿ ಬರೆದು ಒಂದು ಫೋಟೊ ಇಟ್ಟುಕೊಳ್ಳಿ.

ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿದ್ದೇನೆ, ಟೋಕನ್ ನಂಬರ್ ಬಂದಿದೆ. ಕಂಪನಿ ದೂರಿಗೆ ಎರಡು ವಾರದೊಳಗೆ ಉತ್ತರ ಕೊಡಬೇಕು. ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಮತ್ತೆ ಅದೇ ಎರಡು ಪದದ ಕಾರಣ ಬಂದರೆ, ಇಂಥ ತಕರಾರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ. ಪಾಲಿಸಿ ಪುಸ್ತಕ, ಬಿಲ್ಲು, ಆಸ್ಪತ್ರೆಯ ಲೆಟರ್, ಕಳಿಸಿದ ಮೇಲ್ ಎಲ್ಲವನ್ನೂ ಫೈಲಿಗೆ ಹಾಕಿಟ್ಟಿದ್ದೇನೆ. ಅಲ್ಲಿಯ ಅರ್ಜಿಯಲ್ಲೂ ನಾನು ಬರೆಯುವ ಮೊತ್ತ 2,90,000. ಒಂದು ರೂಪಾಯಿ ಜಾಸ್ತಿ ಇಲ್ಲ, ಒಂದು ರೂಪಾಯಿ ಕಮ್ಮಿಯೂ ಇಲ್ಲ.