ಮಿಷನ್ನೋ ಕುಡುಗೋಲೋ: ಆನೇಕಲ್ ಕಡೆಯ ಒಂದೂಕಾಲು ಎಕರೆಯ ಲೆಕ್ಕ

ಪರ: ಅಣ್ಣ ಬರೆದದ್ದು

ನಮ್ಮದು ಆನೇಕಲ್ ತಾಲ್ಲೂಕಿನಲ್ಲಿ ಕೆರೆ ಕೆಳಗಿನ 50 ಗುಂಟೆ ಗದ್ದೆ. ಮೇಲಿನ ಎರಡು ದೊಡ್ಡ ತಾಕು ಸೇರಿ 30 ಗುಂಟೆ, ಕೆಳಗಿನ ಸಣ್ಣ ಮಡಿಗಳು 20 ಗುಂಟೆ. ಈ ಸಲ ಮೇಲಿನದಕ್ಕೆ ನಾನು ಭತ್ತ ಕುಯ್ಯುವ ಚೈನ್ ಮಿಷನ್ ಇಳಿಸಿದೆ. ಕೆಳಗಿನದನ್ನು ತಂಗಿ ಆಳು ಹಾಕಿ ಕುಯ್ಯಿಸಿದಳು. ಎರಡರಲ್ಲೂ ಐಆರ್ 64 ತಳಿ, ನಾಟಿಯೂ ಒಂದೇ ವಾರದ್ದು.

ಮಿಷನ್ ಬಾಡಿಗೆ ಗಂಟೆಗೆ 2,600 ರೂಪಾಯಿ. ಇಳಿದ ಕ್ಷಣದಿಂದ ಹತ್ತುವವರೆಗೆ 70 ನಿಮಿಷ, ಅಂದರೆ 3,033 ರೂಪಾಯಿ. ಗುಂಟೆಗೆ ನೂರು ರೂಪಾಯಿ ಚಿಲ್ಲರೆ. ತಂಗಿಯ 20 ಗುಂಟೆಗೆ ಕುಯ್ಯಲು ಆರು ಆಳು, ಕಟ್ಟಿ ಹೊರಲು ನಾಲ್ಕು, ಬಡಿದು ತೂರಲು ಐದು, ಒಟ್ಟು 15 ಆಳು ಬೇಕಾಯಿತು. ತಲೆಗೆ 550ರಂತೆ 8,250 ರೂಪಾಯಿ, ಗುಂಟೆಗೆ 412. ಅವಳು ಆಫೀಸಿಗೆ ಹಾಕಿದ ನಾಲ್ಕು ದಿನದ ರಜೆ ಇದರಲ್ಲಿ ಸೇರಿಲ್ಲ. ಆ ಆರು ಜನರನ್ನು ಹುಡುಕುವುದೂ ಸುಲಭವಲ್ಲ. ನಮ್ಮೂರಿನ ಹೆಣ್ಣುಮಕ್ಕಳು ಬೆಳಿಗ್ಗೆ ಏಳೂವರೆಗೆ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೊರಟಿರುತ್ತಾರೆ. ಬದಿಯಲ್ಲಿ ನಿಂತು ಕೂಗಿದರೆ ಬರುವವರು ಅರವತ್ತು ದಾಟಿದವರೇ.

ಮಿಷನ್ ಕಾಳು ಚೆಲ್ಲುತ್ತದೆ ಎನ್ನುವವರಿಗೆ ಎಷ್ಟು ಚೆಲ್ಲುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ನಾನು ಎಣಿಸಿದ್ದೇನೆ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿಕೊಂಡೆ. ಮಿಷನ್ ಬರುವ ಮುನ್ನ ನಿಂತ ಪೈರಿನ ಬುಡದಲ್ಲಿ ಇಟ್ಟು ನೋಡಿದಾಗ 110 ಕಾಳು ಉದುರಿದ್ದವು. ಮಿಷನ್ ಹೋದ ಮೇಲೆ ಹುಲ್ಲು ಸರಿಸಿ ಮತ್ತೆ ಇಟ್ಟೆ. ಹಿಂದೆ ಹುಲ್ಲು ಬೀಳುವ ಪಟ್ಟಿಯಲ್ಲಿ ಕಾಳು ಹೆಚ್ಚು, ಎರಡು ಪಕ್ಕದಲ್ಲಿ ಕಡಿಮೆ. ಆ ಪಟ್ಟಿಯಲ್ಲಿ ಮಾತ್ರ ಎಣಿಸಿದರೆ ಎದೆ ಒಡೆಯುತ್ತದೆ, ಪಕ್ಕದಲ್ಲಿ ಮಾತ್ರ ಎಣಿಸಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಮಿಷನ್ನಿನ ಪೂರ್ತಿ ಅಗಲಕ್ಕೆ ಸರಾಸರಿ ತೆಗೆದಾಗ 410 ಬಂತು. ಮೊದಲೇ ಉದುರಿದ್ದ 110 ಕಳೆದರೆ ಮಿಷನ್ ಪಾಲು 300. ಸಾವಿರ ಕಾಳು ಸುಮಾರು 25 ಗ್ರಾಂ ತೂಗುವ ಭತ್ತದಲ್ಲಿ ಚೌಕದ 100 ಕಾಳು ಎಂದರೆ ಎಕರೆಗೆ 10 ಕೆಜಿ. ಹಾಗಾಗಿ ನಷ್ಟ ಎಕರೆಗೆ 30 ಕೆಜಿ, ನಮ್ಮ 30 ಗುಂಟೆಗೆ 22 ಕೆಜಿ.

ನಿಧಾನವಾಗಿ ಓಡಿಸಿದ್ದರೆ ಇದೂ ಉಳಿಯುತ್ತಿತ್ತಲ್ಲ ಎಂದು ತಂಗಿ ಕೇಳಿದಳು. ಇನ್ನೂ 20 ನಿಮಿಷ ಓಡಿಸಿದ್ದರೆ ಬಾಡಿಗೆ 867 ರೂಪಾಯಿ ಹೆಚ್ಚುತ್ತಿತ್ತು. ಅದರಿಂದ ಅರ್ಧ ನಷ್ಟ ತಪ್ಪಿತು ಎಂದುಕೊಂಡರೂ ಸಿಗುವುದು 11 ಕೆಜಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ, ಅಂದರೆ ಆ 11 ಕೆಜಿಗೆ 260 ರೂಪಾಯಿ. ನೆಟ್ಟಗೆ ನಿಂತ ಪೈರಿನಲ್ಲಿ ಸ್ವಲ್ಪ ಚೆಲ್ಲಿದರೂ ಬೇಗ ಮುಗಿಸುವುದೇ ಲಾಭ.

ಇಳುವರಿಯೂ ನನ್ನ ಕಡೆಗೇ ಇದೆ. ಮಿಷನ್ ಕೊಟ್ಟದ್ದು 1,620 ಕೆಜಿ, ಗುಂಟೆಗೆ 54. ತಂಗಿಯದು 960 ಕೆಜಿ, ಗುಂಟೆಗೆ 48. ಎರಡು ವರ್ಷದ ಹಿಂದೆ ಕುಯ್ದ ಪೈರನ್ನು ಒಣಗಲು ಗದ್ದೆಯಲ್ಲೇ ಅರಿ ಹಾಕಿದ ಎರಡನೇ ರಾತ್ರಿಯೇ ಮಳೆ ಹಿಡಿದು, ತೆನೆಯಲ್ಲೇ ಮೊಳಕೆ ಬಂದದ್ದನ್ನು ಅವಳು ಮರೆತಿರಬಹುದು, ನಾನು ಮರೆತಿಲ್ಲ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದರೆ ನಮ್ಮ ಗದ್ದೆಯಲ್ಲಿ ನೀರು. 70 ನಿಮಿಷದಲ್ಲಿ ಮೂಟೆ ಕಟ್ಟಿದವನಿಗೆ ಆ ಭಯವಿಲ್ಲ.

ವಿರೋಧ: ತಂಗಿ ಬರೆದದ್ದು

ಅಣ್ಣ ಕಾಳು ಎಣಿಸಿದ ರೀತಿ ಸರಿಯಾಗಿದೆ. ಕಳೆದ ರೀತಿ ಸರಿಯಿಲ್ಲ.

ಮೊದಲು ತೂಕ ನೋಡೋಣ. ಅವನ 1,620 ಕೆಜಿ ಮಿಷನ್ ತೊಟ್ಟಿಯಿಂದ ಸುರಿದ ಹಸಿ ಭತ್ತ, ಗಿರಣಿಯ ಮೀಟರಿನಲ್ಲಿ 22 ಪರ್ಸೆಂಟ್ ತೇವ. ನನ್ನದು ಅರಿಯಲ್ಲಿ ಮೂರು ದಿನ ಒಣಗಿ, ಬಡಿದು, 14ಕ್ಕೆ ಬಂದದ್ದು. 22ರ ತೇವದ 100 ಕೆಜಿಯಲ್ಲಿ ಒಣ ಪದಾರ್ಥ 78 ಕೆಜಿ. ಅದನ್ನು 14ಕ್ಕೆ ಒಣಗಿಸಿದರೆ 78ನ್ನು 0.86ರಿಂದ ಭಾಗಿಸಿದಷ್ಟು, ಅಂದರೆ 90.7 ಕೆಜಿ ಉಳಿಯುತ್ತದೆ. ಅವನ 1,620 ಹೀಗೆ 1,469 ಆಗುತ್ತದೆ, ಗುಂಟೆಗೆ 49. ಆರು ಕೆಜಿ ಮುಂದಿದ್ದೇನೆ ಎಂದದ್ದರಲ್ಲಿ ಐದು ಕೆಜಿ ಬರೀ ನೀರು. ಉಳಿದ ಒಂದು ಕೆಜಿ ಮೇಲಿನ ತಾಕಿನ ಮಣ್ಣಿನದೋ ಮಿಷನ್ನಿನದೋ ಯಾರೂ ಹೇಳಲಾರರು. ಊರಲ್ಲಿ ಇದರ ಉಲ್ಟಾ ಜಗಳವೂ ನಡೆಯುತ್ತದೆ. ಹಸಿ ತೂಗಿ, ಒಣಗಿಸಿ, ಮತ್ತೆ ತೂಗಿ, ಕಡಿಮೆಯಾದದ್ದನ್ನೆಲ್ಲ ಮಿಷನ್ ತಿಂದಿತು ಎನ್ನುತ್ತಾರೆ. ಅದೂ ತಪ್ಪು.

ಇನ್ನು ಆ 110 ಕಾಳು. ಅಣ್ಣ ಅದನ್ನು ತಾನಾಗಿ ಉದುರಿದ್ದು ಎಂದು ಕಳೆದುಬಿಟ್ಟ. ನನ್ನ ಮಡಿ ಕುಯ್ದ ದಿನ ಅವನ ತಾಕಿನಲ್ಲೂ ಅದೇ ಚೌಕ ಇಟ್ಟು ನೋಡಿದ್ದೆ, 20 ಇತ್ತು. ಆಮೇಲೆ ಒಂಬತ್ತು ದಿನ ಮಿಷನ್ ಬ್ರೋಕರ್ ನಾಳೆ ನಾಳೆ ಎಂದ. ತಮಿಳುನಾಡಿನಿಂದ ಬಂದ ಮಿಷನ್ ದೊಡ್ಡ ಗದ್ದೆಗಳನ್ನು ಮುಗಿಸಿಕೊಂಡೇ ನಮ್ಮಂಥವರ ಕಡೆ ಬರುವುದು. ಮಾಗಿದ ಐಆರ್ 64 ಅಷ್ಟು ದಿನ ನಿಂತು 90 ಕಾಳು ಉದುರಿಸಿತು. ಆ 90 ಮಿಷನ್ನಿನ ಖಾತೆಗೇ ಹೋಗಬೇಕು: ಎಕರೆಗೆ 9 ಕೆಜಿ, 30 ಗುಂಟೆಗೆ ಸುಮಾರು 7.

ಕಾಲುವೆ ಪಕ್ಕದ ನಾಲ್ಕು ಗುಂಟೆ ಪೈರು ಮಲಗಿತ್ತು. ಅಲ್ಲಿ ಅಣ್ಣ ಚೌಕ ಇಡಲೇ ಇಲ್ಲ. ನಾನಿಟ್ಟೆ. ಮೊದಲೇ ಉದುರಿದ್ದನ್ನು ಕಳೆದ ಮೇಲೂ 900 ಕಾಳು, ಅಂದರೆ ಆ ನಾಲ್ಕು ಗುಂಟೆಯಲ್ಲಿ ಅಣ್ಣನ ಲೆಕ್ಕಕ್ಕಿಂತ 6 ಕೆಜಿ ಹೆಚ್ಚು. ಮಲಗಿದ ಪೈರಿಗೆ ಮಿಷನ್ ನಿಧಾನಿಸಬೇಕು, ಮುಂದಿನ ರೀಲು ತಗ್ಗಿಸಬೇಕು, ಪೈರು ವಾಲಿದ ದಿಕ್ಕಿಗೆ ಎದುರಾಗಿ ನುಗ್ಗಬೇಕು. ಡ್ರೈವರಿಗೆ ಇದೆಲ್ಲ ಗೊತ್ತಿತ್ತು. ಆದರೆ ಬದಿಯ ಮೇಲೆ ಅಣ್ಣ ಮೊಬೈಲಿನಲ್ಲಿ ಗಡಿಯಾರ ಹಿಡಿದು ನಿಂತಿದ್ದ. ನನ್ನ ತಕರಾರು ಮಿಷನ್ನಿನ ಮೇಲಲ್ಲ, ಗಂಟೆ ಲೆಕ್ಕದ ಮೇಲೆ. ನಿಧಾನಿಸಿದರೆ ಡ್ರೈವರಿಗೆ ನಷ್ಟವಿಲ್ಲ, ನಮಗೆ ಬಾಡಿಗೆ. ಓಡಿಸಿದರೂ ಅವನಿಗೆ ನಷ್ಟವಿಲ್ಲ, ನಮಗೆ ಕಾಳು. ಮೀಟರು ನೋಡುವ ಗದ್ದೆ ಮಾಲೀಕ ಓಡಿಸು ಅಂತಲೇ ಹೇಳುತ್ತಾನೆ. ಹಿಂದೆ ಬಿದ್ದ ಹುಲ್ಲು ಎತ್ತಿ ತೆನೆ ಉಜ್ಜಿ ನೋಡಿದ್ದರೆ ಗೊತ್ತಾಗುತ್ತಿತ್ತು: ತೆನೆಗೆ ಕಾಳು ಅಂಟಿಯೇ ಇದ್ದರೆ ಓಟ ಹೆಚ್ಚಾಗಿ ಡ್ರಮ್ಮಿಗೆ ಬಡಿಯಲು ಪುರುಸೊತ್ತಿಲ್ಲ ಎಂದರ್ಥ. ಜೊಳ್ಳಿನ ಜೊತೆ ಗಟ್ಟಿ ಕಾಳು ಬಿದ್ದಿದ್ದರೆ ಫ್ಯಾನಿನ ಗಾಳಿ ಜಾಸ್ತಿ, ಇಲ್ಲವೇ ಜರಡಿಗೆ ಹೊರೆ ಜಾಸ್ತಿ.

ಎಲ್ಲ ಕೂಡಿದರೆ ಮೇಲಿನ 30 ಗುಂಟೆಯಲ್ಲಿ ಹೋದದ್ದು 22 ಅಲ್ಲ, ಸುಮಾರು 35 ಕೆಜಿ. ಎಂಟುನೂರು ರೂಪಾಯಿ ಚಿಲ್ಲರೆ. ಅದನ್ನು ಸೇರಿಸಿದರೂ ಆ ದೊಡ್ಡ ತಾಕುಗಳಲ್ಲಿ ರೂಪಾಯಿ ಲೆಕ್ಕಕ್ಕೆ ಅಣ್ಣನೇ ಗೆಲ್ಲುತ್ತಾನೆ, ಒಪ್ಪುತ್ತೇನೆ. ನನ್ನ ಕಡೆಯೂ ನಷ್ಟವಿತ್ತು. ಬಡಿದ ಹುಲ್ಲನ್ನು ಎರಡನೇ ಸಲ ಬಡಿಸಿದಾಗ 11 ಕೆಜಿ ಬಂತು. ಆಳುಗಳಿಗೆ ಆತುರವಾಗಿದ್ದರೆ ಅದು ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೆ ಹೋಗುತ್ತಿತ್ತು.

ಆದರೆ 70 ನಿಮಿಷ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಹಸಿ ಭತ್ತವನ್ನು ರಾತ್ರಿ ಮೂಟೆಯಲ್ಲೇ ಬಿಟ್ಟರೆ ಬಿಸಿಯೇರಿ ಮುಗ್ಗಲು ಹಿಡಿಯುತ್ತದೆ. ಹದಿನಾರು ಕ್ವಿಂಟಲನ್ನು ಅಂದೇ ಸಂಜೆ ಟಾರ್ಪಾಲಿನ ಮೇಲೆ ಹರಡಿ, ಮೂರು ದಿನ ಕಾಲಾಡಿಸಿ, ರಾತ್ರಿ ಮುಚ್ಚಿ ಕಾದವರು ಅಪ್ಪ ಅಮ್ಮ. ಆ ಹೊತ್ತಿಗೆ ಅಣ್ಣ ಬೊಮ್ಮನಹಳ್ಳಿಯ ಮನೆ ಸೇರಿದ್ದ. ಆ ಮೂರು ದಿನದಲ್ಲಿ ಮಳೆ ಬಂದಿದ್ದರೆ ಅವನ ರಾಶಿಯೂ ನೆನೆಯುತ್ತಿತ್ತು.

ಕೆಳಗಿನ ಮಡಿಗಳಿಗೆ ಮಿಷನ್ ಇಳಿಸಿ ನೋಡಿದ್ದೂ ಆಗಿದೆ. ಹೋದ ವರ್ಷ ಆ 20 ಗುಂಟೆಗೆ 85 ನಿಮಿಷ ಹಿಡಿಯಿತು. ಮಡಿ ಸಣ್ಣದು, ಕುಯ್ಯುವುದಕ್ಕಿಂತ ತಿರುಗುವುದೇ ಹೆಚ್ಚು. ಕೆರೆ ಜಿನುಗಿ ನೆಲ ಒಣಗಿರಲಿಲ್ಲ, ಚೈನು ಹೂತು ಟ್ರ್ಯಾಕ್ಟರ್ ಎಳೆಯುವವರೆಗೂ ಮೀಟರು ಓಡುತ್ತಲೇ ಇತ್ತು. ಈಗಿನ ದರದಲ್ಲಿ 3,683 ರೂಪಾಯಿ. ತುಳಿದು ಮಣ್ಣಾದ ಹುಲ್ಲು ಹಸು ಮುಟ್ಟದೆ, ಅಮ್ಮ 4,000 ಕೊಟ್ಟು ಹೊರಗಿನ ಹುಲ್ಲು ತಂದರು. ಎರಡೂ ಸೇರಿದರೆ 7,683. ಕೂಲಿಯ 8,250ಕ್ಕೂ ಅದಕ್ಕೂ ಅಂತರ 567 ರೂಪಾಯಿ.

ಅಷ್ಟು ಕೊಟ್ಟು ನಾನು ಕುಡುಗೋಲನ್ನೇ ಇಟ್ಟುಕೊಳ್ಳುತ್ತೇನೆ. ಮಿಷನ್ ತೊಟ್ಟಿಯಿಂದ ಅಣ್ಣನ ಮೊದಲ ಮೂಟೆಗೆ ಹಿಂದಿನ ಯಾರದೋ ಗದ್ದೆಯ ಕೆಂಪಕ್ಕಿ ಭತ್ತ ಬೆರೆತು ಬಂದಿದೆ. ಬಿತ್ತನೆಗೆಂದು ಅಪ್ಪ ತೆಗೆದಿಟ್ಟಿರುವ ಎರಡು ಮೂಟೆಯೂ ಕೆಳಗಿನ ಮಡಿಯದ್ದೇ.